ಜಗಲಿಯ ದೀಪ, ಮನೆಯವರ ಮುಖ: ಕ್ಯಾಮೆರಾದಲ್ಲಿ ಎರಡೂ ಸರಿಯಾಗಿ ಬಾರದಿದ್ದಾಗ

ಶ್ರಾವಣ ಬಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಪೂಜೆಯ ವಿಡಿಯೋ ಮಾಡಿ ಊರ ಹೊರಗಿರುವ ಮಕ್ಕಳಿಗೆ ಕಳಿಸುವುದು ಈಗ ವಾಡಿಕೆ. ಕಣ್ಣಿಗೆ ದೇವರ ಜಗಲಿ ಬಂಗಾರದಂತೆ ಕಂಡಿರುತ್ತದೆ. ಮೊಬೈಲಿನಲ್ಲಿ ನೋಡಿದರೆ ದೀಪದ ಜಾಗದಲ್ಲಿ ಬಿಳಿ ಗುಂಡು, ಅಜ್ಜಿಯ ಮುಖದ ಜಾಗದಲ್ಲಿ ಕತ್ತಲು. ಹೆಚ್ಚಿನ ಮನೆಗಳಲ್ಲಿ ಮೊಬೈಲ್ ಕೆಟ್ಟಿರುವುದಿಲ್ಲ. ಮುಖಕ್ಕೆ ಬೆಳಕು ಸಾಲದು, ಇಲ್ಲವೇ ಬರಬಾರದ ಕಡೆಯಿಂದ ಬರಬಾರದ ಬಣ್ಣದ ಬೆಳಕು ಬೀಳುತ್ತಿರುತ್ತದೆ.

ಕೆಳಗಿನ ತಪಾಸಣೆಗಳೆಲ್ಲ ಒಂದೇ ದೃಶ್ಯಕ್ಕೆ ಸಂಬಂಧಿಸಿದವು: ಜಗಲಿಯ ಮೇಲೆ ಐದು ಬತ್ತಿಯ ಸಮೆ, ಅದರ ಮುಂದೆ ಮಣೆಯ ಮೇಲೆ ಕೂತ ಒಬ್ಬರು, ನಾಲ್ಕೈದು ಅಡಿ ದೂರದಲ್ಲಿ ಸ್ಟ್ಯಾಂಡಿನ ಮೇಲೆ ಮೊಬೈಲ್. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಬಲ್ಬು ಕೊಳ್ಳುವ ಮಾತು ಆಮೇಲೆ. ಯಾವುದೇ ಪರೀಕ್ಷೆಗೆ ಮುಂಚೆ ಮೊಬೈಲಿನ ಹಿಂದಿನ ಲೆನ್ಸನ್ನು ಒಣಗಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ದೀಪಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ಮೊಬೈಲ್ ಎತ್ತಿಕೊಂಡಿರುತ್ತೇವೆ. ಆ ಎಣ್ಣೆಯ ತೆಳು ಪೊರೆ ಪ್ರತಿ ಕುಡಿಯ ಸುತ್ತ ಮಂಜಿನ ಬಳೆ ಕಟ್ಟುತ್ತದೆ, ಇಡೀ ಚಿತ್ರ ಪೇಲವವಾಗುತ್ತದೆ. ಒರೆಸಿದ ಮೇಲೆ ಬಳೆ ಅರ್ಧಕ್ಕಿಂತ ಸಣ್ಣದಾದರೆ, ತೊಂದರೆಯ ಒಂದು ಪಾಲು ಅಲ್ಲೇ ಮುಗಿಯಿತು.

## "ಜ್ಯೋತಿ ಬೆಳ್ಳನ ಉಂಡಿ ಆಗೈತಿ, ಮಾರಿ ಕಾಣವಲ್ದು"

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಕಾರಣ ತಿಳಿದರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಒಂದು ಬತ್ತಿಯ ಕುಡಿ ಹೆಚ್ಚುಕಡಿಮೆ ಒಂದು ಮೇಣದ ಬತ್ತಿಯಷ್ಟು ಬೆಳಕು ಕೊಡುತ್ತದೆ. ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ, ಒಂದು ಮೀಟರ್ ದೂರದಲ್ಲಿ ಅದು ಸುಮಾರು ಒಂದು ಲಕ್ಸ್. ಎರಡು ಅಡಿ, ಅಂದರೆ 60 ಸೆಂಟಿಮೀಟರ್ ದೂರದಲ್ಲಿ ಕೂತವರ ಮುಖಕ್ಕೆ ಐದು ಬತ್ತಿ ಸೇರಿ ಬೀಳುವುದು ಸುಮಾರು 14 ಲಕ್ಸ್. ಅಷ್ಟು ಮಂದ ಬೆಳಕಿನಲ್ಲಿ ಮುಖಕ್ಕೂ ಕುಡಿಗೂ ಇರುವ ಪ್ರಖರತೆಯ ಅಂತರ ಸಾವಿರಾರು ಪಟ್ಟು. ನಮ್ಮ ಕಣ್ಣು ಒಮ್ಮೆ ದೀಪ ನೋಡಿ, ಒಮ್ಮೆ ಮುಖ ನೋಡಿ ಎರಡನ್ನೂ ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾ ಎರಡನ್ನೂ ಒಂದೇ ಸಲಕ್ಕೆ ಹಿಡಿಯಬೇಕು, ಅದಕ್ಕೆ ಅಷ್ಟು ಶಕ್ತಿ ಇಲ್ಲ. ಆದ್ದರಿಂದ ಮುಖಕ್ಕೆ ಹೊಂದಿಸಿದರೆ ಕುಡಿ ಬಿಳಿಯಾಗುತ್ತದೆ, ಕುಡಿಗೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ವಿಡಿಯೋ ಶುರುಮಾಡುವ ಮುಂಚೆ ತೆರೆಯ ಮೇಲೆ ಮುಖದ ಜಾಗವನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ `AE/AF LOCK` ಎಂದು ಬರುತ್ತದೆ. ಹಲವು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸಣ್ಣ ಬೀಗದ ಗುರುತು ಕಾಣುತ್ತದೆ. ಆಮೇಲೆ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ನಿಧಾನವಾಗಿ ಕೆಳಗೆಳೆಯಿರಿ. ಕುಡಿಯ ತುದಿಯಲ್ಲಿ ಹಳದಿ, ಬುಡದಲ್ಲಿ ಕೇಸರಿ ಕಾಣುವ ತನಕ ಇಳಿಸಿ, ಅಲ್ಲಿ ನಿಲ್ಲಿಸಿ ಮುಖ ನೋಡಿ. ಕಣ್ಣು, ಮೂಗು, ಹಣೆ ಗುರುತು ಹತ್ತುವಷ್ಟು ಕಂಡರೆ ನಿಮಗೆ ಬೇರೇನೂ ಬೇಡ. ಕುಡಿಯ ನಟ್ಟನಡುವೆ ಸ್ವಲ್ಪ ಬಿಳಿ ಉಳಿದರೂ ಚಿಂತೆಯಿಲ್ಲ, ನಿಜವಾದ ಕುಡಿಯೂ ನಡುವೆ ಹಾಗೆಯೇ ಇರುತ್ತದೆ. ಬಾದಾಮಿಯಂಥ ಅದರ ಆಕಾರ ಕಾಣಬೇಕು, ಅಷ್ಟೇ.

ವಿಭೂತಿ ಹಚ್ಚುವ ಮನೆಗಳಲ್ಲಿ ಇನ್ನೊಂದು ಒಳ್ಳೆಯ ಅಳತೆಗೋಲು ಹಣೆಯ ಮೇಲೆಯೇ ಇದೆ. ಮುಖದಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ಆ ಮೂರು ಗೆರೆ. ಮೂರೂ ಬೇರೆಬೇರೆಯಾಗಿ, ಬೆರಳಿನ ಸವರು ಕಾಣುವಂತೆ ಬಂದರೆ ಬೆಳಕು ಹದವಾಗಿದೆ. ಮೂರು ಕೂಡಿ ಒಂದೇ ಬಿಳಿ ಪಟ್ಟಿಯಾದರೆ ಹೆಚ್ಚಾಯಿತು. ಬೂದು ಬಣ್ಣಕ್ಕೆ ಇಳಿದು ಚರ್ಮದಲ್ಲಿ ಕಲೆತುಹೋದರೆ ಕಡಿಮೆಯಾಯಿತು.

ಫೋಟೋ ತೆಗೆಯುವಾಗ ಮಾತ್ರ ಕುಡಿ ಉಂಡೆಯಾಗಿ, ವಿಡಿಯೋದಲ್ಲಿ ಸರಿಯಿದ್ದರೆ ತಪ್ಪು ರಾತ್ರಿ ಮೋಡಿನದು. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ. ಅಷ್ಟರಲ್ಲಿ ಕುಡಿ ಅಲುಗಾಡಿರುತ್ತದೆ, ಚಿತ್ರದಲ್ಲಿ ಬೆಣ್ಣೆ ಸವರಿದಂತೆ ಕಾಣುತ್ತದೆ. ರಾತ್ರಿ ಮೋಡ್ ಬಂದ್ ಮಾಡಿ. ಮುಖ ನುಣ್ಣಗೆ ಮಾಡುವ ಫಿಲ್ಟರನ್ನೂ ತೆಗೆಯಿರಿ, ಅದು ವಿಭೂತಿಯನ್ನೂ ಒರೆಸಿಹಾಕುತ್ತದೆ.

ಇಷ್ಟು ಮಾಡಿಯೂ ಮುಖ ಕತ್ತಲಾಗಿದ್ದರೆ ಸೆಟ್ಟಿಂಗಿನಲ್ಲಿ ಹುಡುಕುವುದನ್ನು ನಿಲ್ಲಿಸಿ. ಬೇಕಾಗಿರುವುದು ಬೆಳಕು. ಬತ್ತಿ ಸಣ್ಣದು ಮಾಡಿದರೆ ಕುಡಿ ಮೆತ್ತಗಾಗಬಹುದು ಎಂದು ಹಲವರು ತಿಳಿಯುತ್ತಾರೆ. ಬತ್ತಿ ಇಳಿಸಿದರೆ ಕುಡಿಯ ಗಾತ್ರ ಇಳಿಯುತ್ತದೆ, ಅದರ ಪ್ರಖರತೆ ಅಷ್ಟಾಗಿ ಇಳಿಯುವುದಿಲ್ಲ. ಇದೇ ಮಾತು ತಿರುಗಿಸಿದರೆ ಉಪಾಯವೂ ಆಗುತ್ತದೆ: ಬತ್ತಿಗಳ ಸಂಖ್ಯೆ ಹೆಚ್ಚಿಸಿದರೆ ಮುಖಕ್ಕೆ ಬೆಳಕು ಹೆಚ್ಚುತ್ತದೆ, ಒಂದೊಂದು ಕುಡಿ ಮಾತ್ರ ಮೊದಲಿನಷ್ಟೇ ಪ್ರಖರವಾಗಿರುತ್ತದೆ. ಕ್ಯಾಮೆರಾಕ್ಕೆ ಕಾಣದಂತೆ ಜಗಲಿಯ ಬದಿಗೆ ಒಂದು ಹಿತ್ತಾಳೆ ಪರಾತದಲ್ಲಿ ಹತ್ತು ಪಣತಿ ಹಚ್ಚಿ, ಮುಖದಿಂದ ಎರಡು ಅಡಿ ದೂರ ಇಟ್ಟರೆ ಸುಮಾರು 28 ಲಕ್ಸ್ ಹೆಚ್ಚಿಗೆ ಸಿಗುತ್ತದೆ. ಮೊದಲಿನ 14ರ ಜೊತೆ ಸೇರಿ ಮೂರು ಪಟ್ಟು. ಬಣ್ಣವೂ ತಾನಾಗಿಯೇ ಹೊಂದುತ್ತದೆ, ಅದೂ ದೀಪದ್ದೇ ಬೆಳಕಲ್ಲವೇ. ಆದರೆ ಮಕ್ಕಳು ಓಡಾಡುವ ಮನೆಯಲ್ಲಿ, ಉದ್ದ ಸೆರಗಿನ ಸೀರೆ ಉಟ್ಟು ಎದ್ದು ಕೂತು ಮಾಡುವ ಪೂಜೆಯಲ್ಲಿ ಈ ಉಪಾಯ ಬೇಡ. ಅಲ್ಲಿ ಬಲ್ಬೇ ಸರಿ.

ಬಲ್ಬು ಯಾವುದು, ಎಲ್ಲಿಡಬೇಕು? 9 ವ್ಯಾಟಿನ, ವಾರ್ಮ್ ವೈಟ್ ಎಂದು ಬರೆದ, ಡಬ್ಬಿಯ ಮೇಲೆ `2700K` ಎಂದಿರುವ ಒಂದು ಎಲ್‌ಇಡಿ ಬಲ್ಬು ಸಾಕು. ಅದನ್ನು ನೇರ ಮುಖಕ್ಕೆ ಹಿಡಿಯಬೇಡಿ. ಮೂಗಿನ ನೆರಳು ಕೆನ್ನೆಯ ಮೇಲೆ ಚೂಪಾಗಿ ಬೀಳುತ್ತದೆ, ಹಿತ್ತಾಳೆ ಮೂರ್ತಿಯ ಮೇಲೆ ಸೂಜಿಮೊನೆಯಂಥ ಹೊಳಪು ಬರುತ್ತದೆ. ಜಗಲಿಯ ಪಕ್ಕದ ಬಿಳಿ ಗೋಡೆಗೆ ಬೆಳಕು ಹೊಡೆದು, ಅಲ್ಲಿಂದ ಮರಳಿ ಮುಖಕ್ಕೆ ಬರುವಂತೆ ಮಾಡಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಗೋಡೆಯ ಕೆಳಗಿನ ಅರ್ಧಕ್ಕೆ ಹಸಿರು ಆಯಿಲ್ ಪೇಂಟ್ ಹೊಡೆದಿರುತ್ತಾರೆ. ಅಂಥ ಗೋಡೆಯಿಂದ ಮರಳಿದ ಬೆಳಕು ಮುಖವನ್ನು ಕಾಮಣಿ ಆದವರಂತೆ ಮಾಡುತ್ತದೆ. ಅಲ್ಲಿ ಎರಡು ಕುರ್ಚಿಯ ಬೆನ್ನಿಗೆ ಬಿಳಿ ಧೋತರವನ್ನು ಬಿಗಿಯಾಗಿ ಕಟ್ಟಿ ಅದಕ್ಕೆ ಹೊಡೆಯಿರಿ. ಉರಿಯುವ ದೀಪದಿಂದ ಧೋತರಕ್ಕೆ ಕನಿಷ್ಠ ಮೂರು ಅಡಿ ಅಂತರವಿರಲಿ. ಥರ್ಮಾಕೋಲ್ ಹಾಳೆ ಬೆಳಕನ್ನು ಚೆನ್ನಾಗಿ ಮರಳಿಸುತ್ತದೆ, ನಿಜ. ಆದರೆ ಬೆಂಕಿ ಸೋಕಿದರೆ ಕರಗಿ ಹನಿಹನಿಯಾಗಿ ಉರಿಯುತ್ತ ಬೀಳುತ್ತದೆ, ಜಗಲಿಯ ಹತ್ತಿರ ತರಲೇಬೇಡಿ.

ಎಲ್ಲಿಡಬೇಕು ಎಂಬುದು ಯಾವ ಬಲ್ಬು ಎಂಬುದಕ್ಕಿಂತ ದೊಡ್ಡ ಮಾತು. ಬೆಳಕು ದೀಪ ಇರುವ ಕಡೆಯಿಂದಲೇ, ದೀಪದ ಎತ್ತರದಿಂದಲೇ ಬರಬೇಕು. ಮೊಬೈಲ್ ಹಿಂದಿನಿಂದ ಬೆಳಕು ಹಾಕಿದರೆ ಮುಖ ಚಪ್ಪಟೆಯಾಗುತ್ತದೆ, ದೀಪ ಅಲ್ಲಿ ಸುಮ್ಮನೆ ಇಟ್ಟ ಸಾಮಾನಿನಂತೆ ಕಾಣುತ್ತದೆ. ಮೇಲಿನಿಂದ ಬಂದರೆ ಕಣ್ಣಿನ ಗುಳಿಯಲ್ಲಿ ನೆರಳು ನಿಲ್ಲುತ್ತದೆ. ಮೊಬೈಲ್ ಜಗಲಿಯ ಎಡಕ್ಕಿದ್ದರೆ ಬಲ್ಬು ಬಲಕ್ಕಿರಲಿ, ಚಿತ್ರದ ಅಂಚಿನಿಂದ ಸ್ವಲ್ಪ ಆಚೆ, ಕೂತವರ ಎದೆಯ ಎತ್ತರದಲ್ಲಿ. ಆಗ ಆಚೆಯ ಕೆನ್ನೆ ಬೆಳಗುತ್ತದೆ, ಮೊಬೈಲ್ ಕಡೆಯ ಕೆನ್ನೆಯಲ್ಲಿ ಮೆತ್ತನೆಯ ನೆರಳು ಉಳಿಯುತ್ತದೆ. ನೋಡಿದವರಿಗೆ ಆ ಬೆಳಕೆಲ್ಲ ಸಮೆಯಿಂದಲೇ ಬಂದಂತೆ ಅನ್ನಿಸುತ್ತದೆ.

## "ಮಾರಿ ನೀಲಿ ಹೊಡದೈತಿ, ದೀಪ ಕುಂಕುಮದಂಗ ಕೆಂಪ ಕಾಣತೈತಿ"

ಎರಡು ಬಣ್ಣದ ಬೆಳಕು ಬೆರೆತ ಲಕ್ಷಣ ಇದು. ಎಣ್ಣೆ ದೀಪದ ಬೆಳಕು ಸುಮಾರು 1900 ಕೆಲ್ವಿನ್, ಅಂದರೆ ಗಾಢ ಕೇಸರಿ. ಮನೆಯ ಟ್ಯೂಬ್‌ಲೈಟ್ ಸಾಮಾನ್ಯವಾಗಿ 6500 ಕೆಲ್ವಿನ್, ಅಂದರೆ ನೀಲಿ ಬೆರೆತ ಬಿಳಿ. ಮಳೆಗಾಲದ ಮೋಡದ ಕಿಟಕಿ ಬೆಳಕು ಹೆಚ್ಚುಕಡಿಮೆ ಅಷ್ಟೇ, ಕೆಲವೊಮ್ಮೆ ಅದಕ್ಕಿಂತ ನೀಲಿ. ಒಂದಕ್ಕೆ ಕ್ಯಾಮೆರಾ ಹೊಂದಿಕೊಂಡರೆ ಇನ್ನೊಂದು ಕೆಡಲೇಬೇಕು.

ಪರೀಕ್ಷೆ ಸರಳ. ಟ್ಯೂಬ್‌ಲೈಟ್ ಬಂದ್ ಮಾಡಿ ನೋಡಿ. ನೀಲಿ ಹೋದರೆ ಅದರದೇ ತಪ್ಪು. ಹೋಗದಿದ್ದರೆ ಕಿಟಕಿ ಮುಚ್ಚಿ. ಬರಿ ಪರದೆ ಎಳೆದರೆ ಸಾಲದು, ಬಿಳಿ ಪರದೆ ತಾನೇ ಒಂದು ನೀಲಿ ದೀಪವಾಗುತ್ತದೆ. ಮನೆಯಲ್ಲಿ ನವಲಗುಂದದ ಜಮಖಾನ ಇದ್ದರೆ ಕಿಟಕಿಗೆ ಅದಕ್ಕಿಂತ ಒಳ್ಳೆಯ ತೆರೆ ಇಲ್ಲ, ದಪ್ಪ ನೆಯ್ಗೆ, ಬೆಳಕು ಸೋಸುವುದೇ ಇಲ್ಲ.

ಎರಡನ್ನೂ ಮುಚ್ಚಿದ ಮೇಲೆ ಬಣ್ಣ ಕ್ಷಣಕ್ಕೊಂದು ರೀತಿ ಬದಲಾದರೆ ಅದು ಕ್ಯಾಮೆರಾ ತಾನಾಗಿ ಬಣ್ಣ ಹೊಂದಿಸಿಕೊಳ್ಳುವ ಚಟ. ಆರತಿ ಎತ್ತಿದಾಗ ಗೋಡೆ ಬೆಳ್ಳಗಾಗಿ, ಇಳಿಸಿದಾಗ ಹಳದಿಯಾಗುವುದು ಇದರಿಂದಲೇ. ಕ್ಯಾಮೆರಾದ `Pro` ಅಥವಾ `Pro Video` ಮೋಡಿಗೆ ಹೋಗಿ `WB` ಒತ್ತಿ 3000 ಕೆಲ್ವಿನ್‌ಗೆ ನಿಲ್ಲಿಸಿ. ಆಗ 2700ರ ಬಲ್ಬು ಬಿದ್ದ ಮುಖ ಸ್ವಲ್ಪವೇ ಬಿಸಿ ಬಣ್ಣದಲ್ಲಿ, ಕುಡಿ ಇನ್ನಷ್ಟು ಕೇಸರಿಯಲ್ಲಿ ಬರುತ್ತದೆ. ಕಣ್ಣಿಗೆ ಕಾಣುವುದೂ ಹೆಚ್ಚುಕಡಿಮೆ ಹಾಗೆಯೇ. ಇನ್ನೂ ಇಳಿಸಿ 2300ಕ್ಕೆ ತಂದರೆ ದೀಪ ಬೆಳ್ಳಗಾಗಿ ಪೂಜೆಗೆ ಟ್ಯೂಬ್‌ಲೈಟಿನ ಕಳೆ ಬರುತ್ತದೆ, ಅದು ಬೇಡ.

ಬಣ್ಣ ಸರಿಯಾದ ಮೇಲೂ ಕುಂಕುಮ ಇಟ್ಟಿಗೆ ಪುಡಿಯಂತೆ, ಇಳಕಲ್ ಸೀರೆಯ ಕೆಂಪು ಸೆರಗು ಕಂದಾಗಿ ಕಂಡರೆ ಬಲ್ಬು ಕೀಳು ದರ್ಜೆಯದು. ಅದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ, ಯಾವ ಸೆಟ್ಟಿಂಗೂ ಅದನ್ನು ತಂದುಕೊಡಲಾರದು. ಡಬ್ಬಿಯ ಮೇಲೆ `CRI` ಎಂದು ಬರೆದಿರುತ್ತಾರೆ. 80ಕ್ಕಿಂತ ಕಡಿಮೆ ಇರುವುದನ್ನು ಬಿಡಿ, 90 ಸಿಕ್ಕರೆ ಅದನ್ನೇ ಕೊಳ್ಳಿ. ಬಿಳಿ ಬಲ್ಬಿಗೆ ಕೇಸರಿ ಜಿಲೆಟಿನ್ ಹಾಳೆ ಸುತ್ತುವ ರೂಢಿ ಇದೆ. ಎಲ್‌ಇಡಿ ಬಲ್ಬಿನ ಬುಡವೂ ಬಿಸಿಯಾಗುತ್ತದೆ, ಹಾಳೆ ಸುತ್ತಿದರೆ ಆ ಬಿಸಿ ಹೊರಗೆ ಹೋಗುವುದಿಲ್ಲ. ನೂರೋ ಇನ್ನೂರೋ ರೂಪಾಯಿ ಉಳಿಸಲು ಹೋಗಿ ಅದನ್ನು ಮಾಡಬೇಡಿ.

## "ವಿಡಿಯೋದಾಗ ಪಟ್ಟಿ ಪಟ್ಟಿ ಓಡಾಕತ್ತಾವು"

ಎಣ್ಣೆ ದೀಪದಿಂದ ಪಟ್ಟಿ ಬರುವುದಿಲ್ಲ. ಆದ್ದರಿಂದ ಕರೆಂಟಿನ ದೀಪಗಳನ್ನೆಲ್ಲ ಬಂದ್ ಮಾಡಿ, ಒಂದೊಂದಾಗಿ ಹಚ್ಚುತ್ತ ಬನ್ನಿ. ಪಟ್ಟಿ ಶುರುವಾದ ದೀಪವೇ ಕಳ್ಳ.

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ, ಅಗ್ಗದ ಬಲ್ಬು ಅದರ ಎರಡು ಪಟ್ಟು, ಅಂದರೆ 100 ಸಲ ಮಿಡಿಯುತ್ತದೆ. ಮೊಬೈಲ್ 1/60 ಸೆಕೆಂಡಿನ ಶಟರ್‌ನಲ್ಲಿ ಹಿಡಿದರೆ ಆ ಮಿಡಿತಗಳು ಅರ್ಧಂಬರ್ಧ ಸಿಗುತ್ತವೆ, ಅವೇ ಪಟ್ಟಿಗಳು. ಕ್ಯಾಮೆರಾ ಸೆಟ್ಟಿಂಗಿನಲ್ಲಿ `Anti-flicker` ಅಥವಾ `Anti-banding` ಇದ್ದರೆ `50 Hz` ಆರಿಸಿ. `Pro` ಮೋಡಿನಲ್ಲಾದರೆ ಶಟರ್ 1/50 ಇಡಿ. ಜಗಲಿಗೆ ಸುತ್ತಿದ ಸೀರಿಯಲ್ ಸರಗಳು ಬೇರೆ ಜಾತಿ. ಕೆಲವು ಕರೆಂಟಿನ ಅರ್ಧ ತಿರುಗಾಟದಲ್ಲಿ ಮಾತ್ರ ಉರಿಯುತ್ತವೆ, ಅಂದರೆ ಸೆಕೆಂಡಿಗೆ 50 ಸಲ. ಅದನ್ನು ಗುರುತಿಸುವುದು ಹೀಗೆ: ಶಟರ್ 1/100ರಲ್ಲಿ ಪಟ್ಟಿ ಬಂದು 1/50ರಲ್ಲಿ ಹೋದರೆ ಸರದ ಕೆಲಸ. ಎರಡರಲ್ಲೂ ಪಟ್ಟಿ ಉಳಿದರೆ ಆ ದೀಪ ಡಿಮ್ಮರ್ ಅಥವಾ ಕಂಟ್ರೋಲರ್ ಮೂಲಕ ಬೇರೆಯೇ ವೇಗದಲ್ಲಿ ಮಿಡಿಯುತ್ತಿದೆ. ಡಿಮ್ಮರನ್ನು ಪೂರ್ತಿ ಏರಿಸಿ ನೋಡಿ, ಆಗಲೂ ಹೋಗದಿದ್ದರೆ ಆ ದೀಪವನ್ನು ಚಿತ್ರೀಕರಣದ ಹೊತ್ತಿಗೆ ಬಂದ್ ಮಾಡಿ. ಮುಂದೆ ಹುಡುಕುವುದರಲ್ಲಿ ಅರ್ಥವಿಲ್ಲ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಪಟ್ಟಿ ಬಂದರೆ ಮೊಬೈಲಿನದೂ ತಪ್ಪಲ್ಲ, ಬಲ್ಬಿನದೂ ಪೂರ್ತಿ ತಪ್ಪಲ್ಲ. ಚಾರ್ಜ್ ಮಾಡುವ, ಬ್ಯಾಟರಿಯ ಟೇಬಲ್ ಲ್ಯಾಂಪ್ ಬಳಸಿ ನೋಡಿ.

ಪಟ್ಟಿಗಳಲ್ಲದೆ ಬಲ್ಬು ಕಣ್ಣಿಗೇ ಮಿನುಗಿದರೆ, ಹೋಲ್ಡರಿನಲ್ಲಿ ಚರ್ ಎಂದು ಸದ್ದಾದರೆ, ಸುಟ್ಟ ವಾಸನೆ ಬಂದರೆ ಅದು ಕ್ಯಾಮೆರಾದ ದೋಷವಲ್ಲ. ಮೇನ್ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಪೂಜೆಯ ಒದ್ದೆ ಕೈಯಲ್ಲಿ ಬೋರ್ಡ್ ಮುಟ್ಟಬೇಡಿ. ಎಕ್ಸ್‌ಟೆನ್ಶನ್ ವೈರನ್ನು ಸಮೆಯ ಕೆಳಗೆ, ಎಣ್ಣೆ ಹನಿಯುವ ಜಾಗದಲ್ಲಿ, ಅಭಿಷೇಕದ ನೀರು ಹರಿಯುವ ಜಾಗದಲ್ಲಿ ಎಳೆಯಬೇಡಿ.

## "ಬೆಳಕು ತಾನ ಏರತೈತಿ, ತಾನ ಇಳೀತೈತಿ"

ಇಲ್ಲಿ ಎರಡು ಕಾರಣಗಳಿರುತ್ತವೆ, ಗೊಂದಲ ಬೇಡ. ಗೋಡೆಯ ಮೇಲಿನ ನೆರಳುಗಳನ್ನು ಬರಿಗಣ್ಣಿನಿಂದ ನೋಡಿ. ನೆರಳು ನಡುಗುತ್ತಿದ್ದರೆ ಕುಡಿಯೇ ಹೊಯ್ದಾಡುತ್ತಿದೆ. ನೆರಳು ಸ್ಥಿರವಾಗಿದ್ದು ವಿಡಿಯೋ ಮಾತ್ರ ಉಸಿರಾಡಿದಂತೆ ಏರಿಳಿದರೆ ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸುತ್ತಿದೆ, ಮೇಲೆ ಹೇಳಿದಂತೆ ಬೀಗ ಹಾಕಿ.

ಕುಡಿ ಹೊಯ್ದಾಡಿದರೆ ಮೊದಲು ಫ್ಯಾನ್, ಆಮೇಲೆ ಅಡಿಗೆಮನೆಯ ಎಕ್ಸಾಸ್ಟ್ ಬಂದ್ ಮಾಡಿ. ಎಕ್ಸಾಸ್ಟ್ ಬೇರೆ ಕೋಣೆಯಲ್ಲಿದ್ದರೂ ಬಾಗಿಲ ಸಂದಿಯಿಂದ ಗಾಳಿ ಎಳೆಯುತ್ತದೆ. ಗದಗಿನ ಕಡೆ ಆಷಾಢದ ಗಾಳಿಗೆ ಇಷ್ಟು ಸಾಲದು, ಬಾಗಿಲ ಕೆಳಗೆ ಗೋಣಿಚೀಲ ಸುತ್ತಿ ಇಡಬೇಕಾಗುತ್ತದೆ. ಹಾಗಂತ ಚಿಕ್ಕ ದೇವರ ಮನೆಯನ್ನು ಪೂರ್ತಿ ಮುಚ್ಚಿ, ಒಳಗೆ ಹತ್ತಾರು ದೀಪ ಹಚ್ಚಿ, ಲೋಬಾನ ಹಾಕಿ ಅರ್ಧ ಗಂಟೆ ಚಿತ್ರೀಕರಿಸಬೇಡಿ. ತಲೆ ಭಾರವಾದರೆ, ಕಣ್ಣುರಿ ಬಂದರೆ ಆ ಕ್ಷಣ ಬಾಗಿಲು ತೆರೆದು ಹೊರಗೆ ಬನ್ನಿ.

ಗಾಳಿ ಇಲ್ಲದೆಯೂ ಕುಡಿ ಎತ್ತರಕ್ಕೆ ಚಿಮ್ಮಿ, ತುದಿಯಲ್ಲಿ ಕಪ್ಪು ಎಳೆ ಬಿಟ್ಟರೆ ಬತ್ತಿ ಉದ್ದವಾಗಿದೆ. ಎಣ್ಣೆಯ ಮೇಲೆ ಗೋಧಿ ಕಾಳಿನಷ್ಟು ಬತ್ತಿ ಚಾಚಿರಬೇಕು, ಕುಡಿ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ ಬರಬೇಕು. ಬತ್ತಿಯ ತುದಿಯಲ್ಲಿ ಕರಿ ಗುಂಡಿ ಕಟ್ಟಿದ್ದರೆ ಚಿಮಟದಿಂದ ತೆಗೆಯಿರಿ. ಕುಡಿ ಚಟಚಟ ಸಿಡಿದರೆ ಎಣ್ಣೆಯಲ್ಲೋ ಬತ್ತಿಯಲ್ಲೋ ನೀರಿದೆ. ಸಮೆ ತೊಳೆದು ಒರೆಸದೆ ಎಣ್ಣೆ ಹಾಕಿದಾಗ ಹೀಗಾಗುತ್ತದೆ. ಆ ದೀಪ ಶಾಂತ ಮಾಡಿ, ತಣಿದ ಮೇಲೆ ಒರೆಸಿ, ಹೊಸ ಎಣ್ಣೆ ಹಾಕಿ. ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ಎಂಬುದರಿಂದ ಕ್ಯಾಮೆರಾಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಬೀಳುವುದಿಲ್ಲ, ಮನೆಯ ರೂಢಿ ಇದ್ದಂತೆ ಹಾಕಿ. ಕರ್ಪೂರ ಮಾತ್ರ ಎಲ್ಲಕ್ಕಿಂತ ದೊಡ್ಡ ಕುಡಿ, ಹೊಗೆಯೂ ಹೆಚ್ಚು. ಮಂಗಳಾರತಿ ಹೊತ್ತಿಗೆ ಸೂರ್ಯನ ಗುರುತನ್ನು ಇನ್ನೊಂದಿಷ್ಟು ಇಳಿಸಿಕೊಳ್ಳಿ.

## "ಎಲ್ಲೋ ಒಂದು ಹಸರ ಚುಕ್ಕಿ ತೇಲತೈತಿ"

ಕುಡಿಯ ಬೆಳಕು ಲೆನ್ಸಿನ ಗಾಜುಗಳ ನಡುವೆ ಮರಳಿ ಮರಳಿ ಬಿದ್ದು ಮೂಡಿದ ಪ್ರತಿಬಿಂಬ ಅದು. ಸಾಮಾನ್ಯವಾಗಿ ಚಿತ್ರದ ನಡುಬಿಂದುವಿನಿಂದ ದೀಪಕ್ಕೆ ನೇರ ಎದುರುದಿಕ್ಕಿನಲ್ಲಿ, ಅಷ್ಟೇ ದೂರದಲ್ಲಿ ಕಾಣುತ್ತದೆ. ದೀಪ ಎಡಗಡೆ ಕೆಳಗಿದ್ದರೆ ಚುಕ್ಕಿ ಬಲಗಡೆ ಮೇಲೆ. ಇದು ಗೊತ್ತಿದ್ದರೆ ಚುಕ್ಕಿ ಅಜ್ಜಿಯ ಕೆನ್ನೆಯ ಮೇಲೆ ಬೀಳದಂತೆ ಮೊಬೈಲನ್ನು ಎರಡು ಬೆರಳು ಸರಿಸಿದರೆ ಸಾಕು, ಹೂವಿನ ಹಾರದ ಮೇಲೋ ಬೆಳಗಿದ ಮಂಟಪದ ಮೇಲೋ ಬಿದ್ದರೆ ಯಾರಿಗೂ ಕಾಣದು. ಲೆನ್ಸಿನ ಮೇಲೆ ಅಂಟಿಸಿದ ಗಾಜು ಇದ್ದರೆ ಅದನ್ನು ತೆಗೆದು ನೋಡಿ, ಚುಕ್ಕಿಗಳು ಕಡಿಮೆಯಾಗುತ್ತವೆ. ಲೆನ್ಸಿನ ಒಳಗೇ ಮಂಜು ಅಥವಾ ಬಿರುಕು ಕಂಡರೆ ಸರ್ವಿಸ್ ಅಂಗಡಿಗೆ ಕೊಡಿ, ಮನೆಯಲ್ಲಿ ಬಿಚ್ಚುವಂಥದ್ದಲ್ಲ.

ದೇವರ ಫೋಟೋದ ಗಾಜಿನಲ್ಲಿ ಬಲ್ಬು ಕಂಡರೆ, ಫೋಟೋದ ಮೇಲಂಚಿನ ಹಿಂದೆ ಒಂದು ಮಡಿಚಿದ ರಟ್ಟು ಸಿಕ್ಕಿಸಿ ಚೂರು ಮುಂದಕ್ಕೆ ಬಾಗಿಸಿ. ಪ್ರತಿಬಿಂಬ ನೆಲದ ಕಡೆ ಹೋಗುತ್ತದೆ.

## ಒಂದು ಮನೆಯ ಲೆಕ್ಕ

ಧಾರವಾಡದ ಹಳೇ ಮನೆ ಎಂದಿಟ್ಟುಕೊಳ್ಳಿ. ಶ್ರಾವಣ ಸೋಮವಾರ, ಬೆಳಗಿನ ಏಳು ಗಂಟೆ, ಹೊರಗೆ ಜಿಟಿಜಿಟಿ ಮಳೆ. ಪಡಸಾಲೆಯ ಮೂಲೆಯಲ್ಲಿ ಜಗಲಿ, ಎಡಕ್ಕೆ ಐದು ಅಡಿ ದೂರದಲ್ಲಿ ಕಿಟಕಿ, ಮೇಲೆ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್. ಮೊದಲ ವಿಡಿಯೋದಲ್ಲಿ ಕುಡಿಗಳು ಬಿಳಿ ಉಂಡೆ, ಅಜ್ಜಿಯ ಮುಖ ನೀಲಿ, ಕಣ್ಣಿನ ಕೆಳಗೆ ನೆರಳು, ಗೋಡೆಯ ಮೇಲೆ ಪಟ್ಟಿಗಳು. ನೋಡಿದರೆ ನಾಲ್ಕು ರೋಗ.

ಲೆನ್ಸ್ ಒರೆಸಿದಾಗ ಉಂಡೆಗಳ ಸುತ್ತಲಿನ ಮಂಜು ಇಳಿಯಿತು. ಟ್ಯೂಬ್ ಬಂದ್ ಮಾಡಿದಾಗ ಪಟ್ಟಿಯೂ ಕಣ್ಣಿನ ನೆರಳೂ ಒಟ್ಟಿಗೆ ಹೋದವು, ಎರಡೂ ಒಂದೇ ಟ್ಯೂಬಿನವು ಎಂದಾಯಿತು. ಎಡ ಕೆನ್ನೆಯ ಮೇಲೆ ಮಾತ್ರ ನೀಲಿ ಉಳಿಯಿತು, ಅದು ಕಿಟಕಿಯದು. ಕಿಟಕಿಗೆ ಜಮಖಾನ ಹಾಕಿದರು. ಈಗ ಸಮೆಯೊಂದೇ ಬೆಳಕು, 14 ಲಕ್ಸ್. `WB` 3000, ಶಟರ್ 1/50, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ಹೇಳುವ `ISO` 800 ಇಟ್ಟರೆ ಮುಖ ಇನ್ನೂ ಕತ್ತಲು. ಮೊಬೈಲಿನ ಮುಖ್ಯ ಲೆನ್ಸ್ f/1.8 ಆಗಿದ್ದರೆ ಈ ಸೆಟ್ಟಿಂಗಿಗೆ ಮುಖದ ಮೇಲೆ ಸುಮಾರು 50 ಲಕ್ಸ್ ಬೇಕು. ಇರುವುದು ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು. `ISO` ಅನ್ನು 3200ಕ್ಕೆ ಏರಿಸಿ ತುಂಬಿಸಬಹುದಿತ್ತು, ಆಗ ಮುಖದ ತುಂಬ ರವೆ ಚೆಲ್ಲಿದಂತೆ ಕಾಳು ಮೂಡುತ್ತವೆ, ಕುಡಿಗಳು ಮತ್ತೆ ಉಂಡೆಯಾಗುತ್ತವೆ.

ಅದಕ್ಕೆ 9 ವ್ಯಾಟಿನ ವಾರ್ಮ್ ವೈಟ್ ಬಲ್ಬನ್ನು ಟೇಬಲ್ ಲ್ಯಾಂಪಿಗೆ ಹಾಕಿ, ಜಗಲಿಯ ಬಲಬದಿಗೆ ಇಟ್ಟು, ಮುಖದಿಂದ ನಾಲ್ಕು ಅಡಿ ದೂರ ಕಟ್ಟಿದ ಬಿಳಿ ಧೋತರಕ್ಕೆ ಹೊಡೆದರು. ಅಲ್ಲಿಂದ ಮರಳಿ ಬಂದದ್ದು 40 ಲಕ್ಸ್ ಆಸುಪಾಸು. ಮೊಬೈಲಿಗೆ ಸಿಗುವ ಲಕ್ಸ್ ಅಳೆಯುವ ಆಪ್‌ಗಳು ಒರಟು ಲೆಕ್ಕ ಕೊಡುತ್ತವೆ, ಇಷ್ಟಕ್ಕೆ ಸಾಕು. ಒಟ್ಟು 54 ಆಯಿತು. ವಿಭೂತಿಯ ಮೂರು ಗೆರೆ ಬೇರೆಬೇರೆ ಕಂಡವು. ಆದರೂ ಮುಖ ದೀಪದ ಮುಂದೆ ಕೂತವರ ಮುಖದಂತೆ ಅನ್ನಿಸಲಿಲ್ಲ, ಮದುವೆ ಹಾಲಿನ ಫೋಟೋದಂತಿತ್ತು. `ISO` 640ಕ್ಕೆ ಇಳಿಸಿದಾಗ ಮುಖ ತುಸು ಮಂದವಾಯಿತು, ಕುಡಿಗೆ ಬಾದಾಮಿ ಆಕಾರ ಬಂತು. ಕೊನೆಗೂ ಕುಡಿಯ ನಡುವಿನ ಬಿಳಿ ಹೋಗಲಿಲ್ಲ. ಈಗಿನ ಮೊಬೈಲಿಗೆ ಅದಕ್ಕಿಂತ ಹೆಚ್ಚಿನದು ಆಗುವುದಿಲ್ಲ, ಅಲ್ಲಿಗೆ ಬಿಡಬೇಕು.

## ಕ್ಯಾಮೆರಾ ಹಿಡಿದವರು ಮರೆಯುವ ಜಾಗ

ತೆರೆಯನ್ನೇ ನೋಡುತ್ತಿರುವವರಿಗೆ ಸೆರಗು ಕಾಣುವುದಿಲ್ಲ. ಪೂಜೆಗೆ ಕೂತವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ, ಮುಖಕ್ಕೂ ದೀಪಕ್ಕೂ ಒಂದೂವರೆ ಅಡಿಗಿಂತ ಕಡಿಮೆ ಅಂತರ ಬೇಡ. "ಇನ್ನೊಂಚೂರು ಮುಂದ ಬಾಗ್ರಿ ಅಜ್ಜಿ" ಎಂದು ಮೊಬೈಲ್ ಹಿಡಿದವರು ಹೇಳುವುದೇ ಅಪಾಯದ ಮಾತು. ಬಾಗಬೇಕಾದದ್ದು ಮೊಬೈಲ್. ಮೊಬೈಲನ್ನೂ ದೀಪದಿಂದ ಎರಡು ಅಡಿ ಆಚೆ ಇಡಿ, ಬಿಸಿ ಹೆಚ್ಚಿದ ಎಚ್ಚರಿಕೆ ತೆರೆಯ ಮೇಲೆ ಬಂದರೆ ಅಲ್ಲಿಗೆ ನಿಲ್ಲಿಸಿ ತಣಿಯಲು ಬಿಡಿ.

ಸಮೆಯ ಎಣ್ಣೆಗೇ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಉರಿಯುವ ಎಣ್ಣೆ ಸಿಡಿದು ಹರಡುತ್ತದೆ. ಹತ್ತಿರ ಹೋಗಲು ಸಾಧ್ಯವಿದ್ದರೆ ಸಮೆಗಿಂತ ದೊಡ್ಡ ಸ್ಟೀಲ್ ತಾಟು ಬೋರಲು ಮುಚ್ಚಿ. ಬೆಂಕಿ ಜಗಲಿಯ ಬಟ್ಟೆಗೋ ಪರದೆಗೋ ಹಬ್ಬಿದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಕರೆ ಮಾಡಿ. ಸೀರೆಗೆ ಹತ್ತಿದರೆ ಓಡಗೊಡಬೇಡಿ, ನೆಲಕ್ಕೆ ಮಲಗಿಸಿ ಉಣ್ಣೆಯ ಕಂಬಳಿ ಸುತ್ತಿ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ, ಅರಿಶಿನ, ಟೂತ್‌ಪೇಸ್ಟ್ ಹಚ್ಚಬೇಡಿ. ಬೊಬ್ಬೆ ಅಂಗೈಯಷ್ಟು ದೊಡ್ಡದಿದ್ದರೆ, ಇಲ್ಲವೇ ಮುಖಕ್ಕೋ ಕೈಬೆರಳಿಗೋ ಆಗಿದ್ದರೆ ಆಸ್ಪತ್ರೆಗೆ ಹೋಗಿ.

ಚಿತ್ರೀಕರಣ ಮುಗಿದ ಮೇಲೆ ಮೊದಲು ಬಲ್ಬಿನ ಪ್ಲಗ್ ತೆಗೆಯಿರಿ, ಆಮೇಲೆ ಧೋತರ ಬಿಚ್ಚಿ. ಧೋತರ ಮಡಚುವ ಗಾಳಿಗೆ ಕುಡಿ ಹೊರಳಿ ಅದಕ್ಕೇ ತಾಗದಂತೆ, ಅದನ್ನು ಪಕ್ಕದ ಕೋಣೆಗೆ ಒಯ್ದು ಮಡಚಿ.